ಮೂವರು ಸಾಹೇಬ್ರು, ಒಂದೇ ಸಿಎಂಎಂ: ಹೆಚ್ಚಿನ ಕೆಲಸಕ್ಕ ‘ಆಗೂದಿಲ್ಲ’ ಅಂತ ಹೆಂಗ ಹೇಳೂದು?

ಉದ್ಯಮಬಾಗ ಕ್ವಾಲಿಟಿ (ಬೆಳಗಾವಿ)

ಎಲ್ಲಾರಿಗೂ ನಮಸ್ಕಾರ ರೀ. ಉದ್ಯಮಬಾಗದಾಗ ಎರಕ ಹೊಯ್ದು ಮಷೀನಿಂಗ್ ಮಾಡೋ ಕಾರ್ಖಾನಿ, ಅದರ ಕ್ವಾಲಿಟಿ ವಿಭಾಗದಾಗ ಸಿಎಂಎಂ ಅನ್ನೋ ಅಳತಿ ಮಷೀನ್ ಮ್ಯಾಲೆ ಕೆಲಸ ನನ್ನದು. ಹಾಜರಿ, ರಜಾ, ವರ್ಷದ ಅಪ್ರೈಸಲ್ ಎಲ್ಲಾ ನೋಡೋರು ಕ್ವಾಲಿಟಿ ಹೆಡ್ ಸಾಹೇಬ್ರು. ಕೆಲಸ ಹೇಳೋರು ಮಾತ್ರ ಇನ್ನೂ ಇಬ್ಬರು. ಟ್ರ್ಯಾಕ್ಟರ್ ಹೈಡ್ರಾಲಿಕ್ ವಾಲ್ವ್ ಬಾಡಿ ಪ್ರಾಜೆಕ್ಟಿನ ಮ್ಯಾನೇಜರ್ ಪುಣೆದಾಗ ಕೂಡ್ತಾರ, ಎಕ್ಸ್‌ಪೋರ್ಟ್ ಪಂಪ್ ಹೌಸಿಂಗ್ ನೋಡೋ ಮ್ಯಾನೇಜರ್ ಇಲ್ಲೇ ಇರ್ತಾರ.

ಈ ವಾರದ ಪರಿಸ್ಥಿತಿ ಹಿಂಗೈತಿ. ವಾಲ್ವ್ ಬಾಡಿ ಪಿಪಿಎಪಿ, ಅಂದ್ರ ಗ್ರಾಹಕರ ಒಪ್ಪಿಗಿಗೆ ಕೊಡೋ ಅಳತಿ ಮತ್ತ ಕಾಗದಪತ್ರ, ಶನಿವಾರ ಕೊಡಬೇಕು. ಪಂಪ್ ಹೌಸಿಂಗ್ ಮ್ಯಾಲೆ ಗ್ರಾಹಕರ ದೂರು ಬಂದೈತಿ, ಅದರ ಕಾರಣ ಹುಡುಕಿ ಸರಿ ಮಾಡೋ 8ಡಿ ನಡದೈತಿ, ಅದಕ್ಕ 30 ಪೀಸ್ ಅಳತಿ ಬೇಕು. ಇವತ್ತು ಸೋಮವಾರ ಮುಂಜಾನೆ ಪಂಪ್ ಮ್ಯಾನೇಜರ್ ಸಾಹೇಬ್ರು ಇನ್ನೊಂದು ಹೊಸ ಟ್ರಯಲ್ ಎರಕದ 3 ಪೀಸ್ ತಂದಿಟ್ಟು “ಇದರ ಪೂರಾ ಲೇಔಟ್ ಶುಕ್ರವಾರ ಬೇಕು” ಅಂದರು, ಅಂದ್ರ ಡ್ರಾಯಿಂಗಿನ್ಯಾಗಿನ ಎಲ್ಲಾ ಅಳತಿ. ನಾನು “ನೋಡ್ತೀನ್ರಿ ಸರ್” ಅಂದೆ. ಪುಣೆದವರು ಫೋನ್ ಮಾಡಿ “ನಮ್ಮದು ಬಿಟ್ಟು ಬ್ಯಾರೆ ಯಾವುದೂ ಮುಟ್ಟಬ್ಯಾಡ್ರಿ” ಅಂದಾರ. ಯಾರಿಗೂ ಬ್ಯಾಸರ ಆಗದಂಗ ಹೊಸದನ್ನ ಬ್ಯಾಡ ಅನ್ನೂದು ಹೆಂಗ? ಮಾತು ಹೆಂಗಿರಬೇಕು, ಮೇಲ್ ಹೆಂಗಿರಬೇಕು, ಗೊತ್ತಿದ್ದವರು ಬಿಡಿಸಿ ಹೇಳ್ರಿ.

ಸಕ್ಕರಿ ಸೀಮಿ (ಮುಧೋಳ)

ಇದರಾಗ ತಲಿ ಕೆಡಿಸಿಕೊಳ್ಳೂದು ಏನೂ ಇಲ್ಲ. ಸಕ್ಕರಿ ಕಾರ್ಖಾನ್ಯಾಗ ಕಬ್ಬು ನುರಿಸೋ ಹಂಗಾಮು ಇದ್ದಾಗ ಗಿರಣಿ ನಿಂತರ ಉಳಿದ ಕೆಲಸ ಎಲ್ಲಾ ಬದಿಗೆ, ಯಾರೂ ಕೇಳಂಗಿಲ್ಲ. ಹಂಗ ನಿಮ್ಮಲ್ಲೂ ಒಂದು ಕ್ರಮ ಇರಬೇಕು: ಗ್ರಾಹಕರ ಪ್ರೊಡಕ್ಷನ್ ಲೈನ್ ನಿಲ್ಲೂದು ಮೊದಲು, ದೂರು ಆಮ್ಯಾಲೆ, ಹೊಸ ಸ್ಯಾಂಪಲ್ ಕೊನೀಗೆ. ಇಬ್ಬರು ಮ್ಯಾನೇಜರೂ ಒಪ್ಪಲಿಲ್ಲ ಅಂದ್ರ ಸೀದಾ ಪ್ಲಾಂಟ್ ಹೆಡ್‌ಗೆ ಮೇಲ್ ಹಾಕಿ ಎಲ್ಲಾರನೂ ಸಿಸಿದಾಗ ಇಡ್ರಿ. ಒಂದೇ ದಿನದಾಗ ಬಗೀಹರಿತೈತಿ.

ಮಾರ್ಕಂಡೇಯ (ಬೆಳಗಾವಿ)

ಸಕ್ಕರಿ ಸೀಮಿಯವರ ಮಾತಿನ ಮೊದಲ ಅರ್ಧ ಬಹಳ ಸರಿ, ಎರಡನೇ ಅರ್ಧ ಮಾಡಬೇಡಿ. ಪ್ಲಾಂಟ್ ಹೆಡ್‌ಗೆ ನೇರ ಹೋದರೆ ಆ ದಿನದ ಕೆಲಸ ಬಗೆಹರಿಯಬಹುದು. ಆದರೆ ಮೂವರು ಸಾಹೇಬರಿಗೂ ಈ ಹುಡುಗ ನಮ್ಮನ್ನು ಕೇಳದೆ ಮೇಲೆ ಹೋದ ಎಂದಾಗುತ್ತದೆ, ಮುಖ್ಯವಾಗಿ ನಿಮ್ಮ ಕ್ವಾಲಿಟಿ ಹೆಡ್‌ಗೆ. ಮುಂದಿನ ಸಲ ಅವರು ನಿಮ್ಮ ಬೆನ್ನಿಗೆ ನಿಲ್ಲುವುದಿಲ್ಲ.

ಎಲ್ಲಕ್ಕೂ ಮೊದಲು ಸರಿ ಮಾಡಬೇಕಾದದ್ದು ಆ “ನೋಡ್ತೀನ್ರಿ”. ನಮ್ಮ ಕಡೆ ಹಿರಿಯರ ಮುಖಕ್ಕೆ ಹೊಡೆದ ಹಾಗೆ ಇಲ್ಲ ಅನ್ನಬಾರದು ಅಂತ “ನೋಡ್ತೀನ್ರಿ”, “ಮಾಡೂಣಂತ” ಅನ್ನುತ್ತೇವೆ. ಹೇಳುವವರ ಮನಸ್ಸಿನಲ್ಲಿ ಅದು ‘ಬಹುಶಃ ಆಗಲಿಕ್ಕಿಲ್ಲ’. ಕೇಳುವ ಮ್ಯಾನೇಜರ್ ಅದನ್ನು ‘ಆಯ್ತು’ ಅಂತ ಬರೆದುಕೊಳ್ಳುತ್ತಾರೆ. ಪುಣೆಯವರ ಜೊತೆ ಮರಾಠಿಯಲ್ಲಿ “ಬಘತೋ” ಅಂದರೂ ಅದೇ ಗತಿ. ನಿಮ್ಮ ಪಂಪ್ ಮ್ಯಾನೇಜರ್ ಇಷ್ಟೊತ್ತಿಗೆ ಗ್ರಾಹಕರಿಗೆ ‘ಶುಕ್ರವಾರ ರಿಪೋರ್ಟ್’ ಅಂತ ಹೇಳಿಯೂ ಇರಬಹುದು. ಆದ್ದರಿಂದ ಇವತ್ತೇ, ಊಟದೊಳಗೆ, ಅವರಿಗೆ ಹೋಗಿ ಹೇಳಿ: “ಸರ್, ಮುಂಜಾನೆ ನೋಡ್ತೀನಿ ಅಂದಿದ್ದೆ, ಅದು ಒಪ್ಪಿಗೆ ಅಲ್ಲ. ಮಷೀನ್ ಟೈಮ್ ಲೆಕ್ಕ ಹಾಕಿ 4 ಗಂಟೆಯೊಳಗ ತಿಳಿಸ್ತೀನಿ.” ಎರಡನೇ ವಾಕ್ಯದಲ್ಲಿ ಗಂಟೆ ಇರಲೇಬೇಕು. ಗಂಟೆ ಇಲ್ಲದಿದ್ದರೆ ಇದೂ ಇನ್ನೊಂದು ನೋಡ್ತೀನಿ ಆಗುತ್ತದೆ.

ಆಮೇಲೆ ಲೆಕ್ಕ. ನಿಮ್ಮ ಸಿಎಂಎಂ ದಿನಕ್ಕೆ ಎಷ್ಟು ತಾಸು ನಿಮಗೆ ಸಿಗುತ್ತದೆ? ವಾಲ್ವ್ ಬಾಡಿಯದು ಏನೇನು ಬಾಕಿ? ಅಷ್ಟು ಹಾಕಿ, ಮುಂದೆ ಮಾತಾಡೋಣ. “ಬಹಳ ಕೆಲಸ ಐತ್ರಿ” ಎಂದು ಎಲ್ಲರೂ ಹೇಳುತ್ತಾರೆ, ಅದರ ಮೇಲೆ ಯಾರೂ ತೀರ್ಮಾನ ಮಾಡಲಾರರು. 10 ತಾಸು ಕಡಿಮೆ ಬೀಳುತ್ತದೆ ಅಂದರೆ ತೀರ್ಮಾನ ಮಾಡಲೇಬೇಕಾಗುತ್ತದೆ.

ಗುಮ್ಮಟನಗರಿ (ವಿಜಯಪುರ)

ಒಳ್ಳೆ ಚರ್ಚೆ. ನಮ್ಮ ಸರಕಾರಿ ಶಾಲೆಯಲ್ಲೂ ಇದೇ ಪಾಡು. ಮುಖ್ಯ ಗುರುಗಳು ಒಂದು ಹೇಳುತ್ತಾರೆ, ಸಿಆರ್‌ಪಿ ಒಂದು ಹೇಳುತ್ತಾರೆ, ಮೇಲಿಂದ ಮತದಾರರ ಪಟ್ಟಿ ಕೆಲಸವೂ ಬರುತ್ತದೆ. ಮಾರ್ಕಂಡೇಯ ಅವರು ಹೇಳಿದ ಹಾಗೆ ತಾಸಿನ ಲೆಕ್ಕ ಕೊಟ್ಟು ಮತದಾರರ ಪಟ್ಟಿ ಕೆಲಸ ಆಗುವುದಿಲ್ಲ ಎನ್ನಬಹುದೆ?

ಮಾರ್ಕಂಡೇಯ

ಗುರುಗಳೇ, ನಿಮ್ಮದು ಬೇರೆ ಜಾತಿಯ ಸಮಸ್ಯೆ. ಇಲ್ಲಿ ಕೇಳಿರುವುದು ಒಂದೇ ಕಂಪನಿಯೊಳಗೆ ಸರಿಸಮ ಅಧಿಕಾರ ಇರುವ ಇಬ್ಬರು ಒಬ್ಬನ ಸಮಯವನ್ನು ಹಂಚಿಕೊಳ್ಳುವ ವಿಷಯ. ಚುನಾವಣಾ ಕೆಲಸ ಕಾನೂನಿನಿಂದ ಬರುತ್ತದೆ. ಶಿಕ್ಷಣ ಹಕ್ಕು ಕಾಯ್ದೆ, 2009ರ 27ನೇ ಸೆಕ್ಷನ್ ಶಿಕ್ಷಕರನ್ನು ಶಿಕ್ಷಣೇತರ ಕೆಲಸಕ್ಕೆ ಹಚ್ಚಬಾರದು ಎನ್ನುತ್ತದೆ, ಆದರೆ ಜನಗಣತಿ, ವಿಪತ್ತು ಪರಿಹಾರ, ಚುನಾವಣೆ ಈ ಮೂರನ್ನು ಹೊರಗಿಟ್ಟಿದೆ. ಅದನ್ನು ತಾಸಿನ ಲೆಕ್ಕದಿಂದ ನಿರಾಕರಿಸಲು ಹೋಗಬೇಡಿ. ಆರೋಗ್ಯದಂಥ ಕಾರಣವಿದ್ದರೆ ಆದೇಶ ಕೊಟ್ಟ ಅಧಿಕಾರಿಗೇ ಅರ್ಜಿ ಕೊಡಬೇಕು. ಮುಖ್ಯ ಗುರುಗಳು ಮತ್ತು ಸಿಆರ್‌ಪಿ ನಡುವಿನ ಕೆಲಸಕ್ಕಾದರೆ ಇಲ್ಲಿಯ ಮಾತು ಸ್ವಲ್ಪ ಉಪಯೋಗಕ್ಕೆ ಬರುತ್ತದೆ.

ಉದ್ಯಮಬಾಗ ಕ್ವಾಲಿಟಿ

ಮಾರ್ಕಂಡೇಯ ಸರ್, ಲೆಕ್ಕ ಹಿಂಗ್ರಿ. ಸಿಎಂಎಂ ಒಂದೇ ಶಿಫ್ಟ್, 8 ತಾಸು. ಪ್ರೊಡಕ್ಷನ್ನಿನ ಫಸ್ಟ್ ಪೀಸ್ ಚೆಕ್ಕಿಗೆ ದಿನಾ 3 ತಾಸು ಹೋಗತೈತಿ, ಉಳಿಯೂದು 5. ನಾಳೆ ಮಂಗಳವಾರದಿಂದ ಶನಿವಾರದ ತನಕ 5 ದಿನ, ಒಟ್ಟು 25 ತಾಸು.

ವಾಲ್ವ್ ಬಾಡಿ 3 ಪೀಸ್ ಪೂರಾ ಲೇಔಟ್, ಪೀಸಿಗೆ ಎರಡೂವರಿ ತಾಸು, 7.5 ಆತು. ಬೋರ್ ಅಂದ್ರ ಒಳಗಿನ ತೂತಿನ ಅಳತಿ ಪೀಸಿಂದ ಪೀಸಿಗೆ ಎಷ್ಟು ಹೆಚ್ಚು ಕಡಿಮಿ ಬರತೈತಿ ಅಂತ ನೋಡೋ ಕೆಪಾಬಿಲಿಟಿ ಸ್ಟಡಿಗೆ 25 ಗುಂಪು, ಗುಂಪಿಗೆ 4 ಪೀಸ್, 100 ಪೀಸ್. ಪೀಸಿಗೆ 6 ನಿಮಿಷ ಹಿಡಿದರ 10 ತಾಸು. ಪಂಪ್ ಹೌಸಿಂಗ್ ದೂರಿನ 30 ಪೀಸ್, ಪೀಸಿಗೆ 12 ನಿಮಿಷ, 6 ತಾಸು. ಇಲ್ಲಿಗೇ 23.5. ಹೊಸ ಟ್ರಯಲ್ ಎರಕಕ್ಕ ಪ್ರೋಗ್ರಾಂ ಬರೀಲಿಕ್ಕೆ 4 ತಾಸು, 3 ಪೀಸ್ ಅಳೀಲಿಕ್ಕೆ 7.5, ಕೂಡಿಸಿ 11.5. ಎಲ್ಲಾ ಸೇರಿ 35. ಖರೇನ 10 ತಾಸು ಕಡಿಮಿ ಬೀಳ್ತೈತಿ, ನೀವು ಉದಾಹರಣಿಗೆ ಹೇಳಿದ್ದು ಹೌದಾತು.

ಪಂಪ್ ಮ್ಯಾನೇಜರ್ ಸಾಹೇಬ್ರಿಗೆ ಹೋಗಿ ‘ನೋಡ್ತೀನಿ ಅಂದದ್ದು ಒಪ್ಪಿಗಿ ಅಲ್ಲ’ ಅಂತ ಹೇಳಿ ಬಂದೆ. 4 ಗಂಟೆಗೆ ಕಾಯ್ತೀನಿ ಅಂದಾರ.

ಮಾರ್ಕಂಡೇಯ

ಈಗ ಕೆಲಸ ಸುಲಭವಾಯಿತು. ಎರಡು ಸಂಗತಿ ಗಮನಿಸಿ.

ಒಂದು, ಇಲ್ಲಿ ಇಕ್ಕಟ್ಟು ಇರುವುದು ಮಷೀನಿನದು. ನೀವು ರಾತ್ರಿ 9ರವರೆಗೆ ಕುಳಿತು ರಿಪೋರ್ಟ್ ಬರೆದರೂ ಆ 10 ತಾಸು ಹುಟ್ಟುವುದಿಲ್ಲ. ನನಗೆ ಸಮಯವಿಲ್ಲ ಎಂದರೆ ‘ಸ್ವಲ್ಪ ಹೆಚ್ಚಿಗೆ ಕೂಡ್ರು’ ಎನ್ನುತ್ತಾರೆ, ಸಿಎಂಎಂ ತಾಸು ಇಲ್ಲ ಎಂದರೆ ಮಾತು ನಿಮ್ಮ ಮನಸ್ಸಿನ ಮೇಲಿಂದ ಇಳಿದು ಮಷೀನಿನ ಮೇಲೆ ಹೋಗುತ್ತದೆ. ಎಷ್ಟೋ ಬ್ಯಾಸರ ಇಲ್ಲಿಯೇ ತಪ್ಪುತ್ತದೆ.

ಎರಡು, ಒಬ್ಬನಿಗೆ ಹೀಗೆ ಹಲವು ಸಾಹೇಬರಿರುವ ಮ್ಯಾಟ್ರಿಕ್ಸ್ ಪದ್ಧತಿಯಲ್ಲಿ ಯಾವ ಸಾಹೇಬರ ಕೈಯಲ್ಲಿ ಯಾವ ತೀರ್ಮಾನ ಇದೆ ಅನ್ನುವುದು. ಪ್ರಾಜೆಕ್ಟ್ ಮ್ಯಾನೇಜರು ತಮ್ಮ ಪ್ರಾಜೆಕ್ಟಿಗೆ ಏನು ಬೇಕು, ಯಾವಾಗ ಬೇಕು ಎಂದು ಹೇಳಬಹುದು. ಮಷೀನ್ ಯಾರಿಗೆ ಎಷ್ಟು ತಾಸು, ಹೇಗೆ ಅಳೆಯಬೇಕು, ಓವರ್‌ಟೈಮ್ ಕೊಡಬೇಕೋ ಬೇಡವೋ ಎನ್ನುವುದು ಕ್ವಾಲಿಟಿ ಹೆಡ್ ಕೈಯಲ್ಲಿ. ಎರಡು ಪ್ರಾಜೆಕ್ಟುಗಳಲ್ಲಿ ಯಾವುದು ಮೊದಲು ಎನ್ನುವುದು ಮಾತ್ರ ಯಾರ ಒಬ್ಬರ ಕೈಯಲ್ಲೂ ಇಲ್ಲ, ಅವರು ಕೂತು ಒಪ್ಪಬೇಕು. ಅದನ್ನು ನೀವು ನಿಮ್ಮ ತಲೆಯ ಮೇಲೆ ಹೊತ್ತುಕೊಂಡು ಒಳಗೊಳಗೇ ತೀರ್ಮಾನ ಮಾಡಿದಿರೋ, ಬಿಟ್ಟುಹೋದವರು ನಿಮ್ಮನ್ನೇ ಹಿಡಿಯುತ್ತಾರೆ, ಹಿಡಿಯುವುದು ನ್ಯಾಯವೂ ಹೌದು.

ಆದ್ದರಿಂದ 3 ಗಂಟೆಗೆ ಕ್ವಾಲಿಟಿ ಹೆಡ್ ಹತ್ತಿರ ಹೋಗಿ, ಐದು ನಿಮಿಷ ಸಾಕು. ಈ ಲೆಕ್ಕವನ್ನು ಒಂದೇ ಹಾಳೆಯಲ್ಲಿ ಬರೆದು ತೋರಿಸಿ. “ಸರ್, ಏನು ಮಾಡಲಿ?” ಎಂದು ಕೇಳಬೇಡಿ. ದಾರಿಗಳನ್ನು ನೀವೇ ಇಡಿ. ನನಗೆ ಮೂರು ಕಾಣುತ್ತವೆ. ಹೊಸ ಟ್ರಯಲ್ ಪೀಸನ್ನು ಮುಂದಿನ ಸೋಮವಾರ ಶುರು ಮಾಡಿದರೆ 11.5 ತಾಸು, ದಿನಕ್ಕೆ 5ರಂತೆ ಬುಧವಾರ ಮಧ್ಯಾಹ್ನದೊಳಗೆ ಮುಗಿಯುತ್ತದೆ. ಇಲ್ಲವೆ ಈ ವಾರ ದಿನಾ 2 ತಾಸು ಸಿಎಂಎಂ ಹೆಚ್ಚಿಗೆ ನಡೆಸಿದರೆ 5 ದಿನಕ್ಕೆ ಸರಿಯಾಗಿ 10 ತಾಸು ಸಿಗುತ್ತದೆ. ಆದರೆ ಶುಕ್ರವಾರಕ್ಕೆ ಹೊಸದು ಸಿಗಬೇಕಾದರೆ ವಾಲ್ವ್ ಬಾಡಿಯ ಒಂದಿಷ್ಟು ಕೆಲಸ ಶನಿವಾರಕ್ಕೆ ಸರಿಯಬೇಕು, ಮತ್ತು ಆಪರೇಟರಿಗೆ ಕಾನೂನಿನಂತೆ ಓವರ್‌ಟೈಮಿಗೆ ದುಪ್ಪಟ್ಟು ದರ ಕೊಡಬೇಕು. ಆ ಖರ್ಚು ಯಾವ ಪ್ರಾಜೆಕ್ಟಿಗೆ ಹಾಕುವುದು ಎಂದು ಸಾಹೇಬರೇ ಹೇಳಬೇಕು. ಮೂರನೆಯದು, ಹೊಸ ಪೀಸಿನ ಪೂರಾ ಲೇಔಟ್ ಬಿಟ್ಟು ಮುಖ್ಯವಾದ ನಾಲ್ಕಾರು ಅಳತೆಗಳನ್ನಷ್ಟೇ ಸರ್ಫೇಸ್ ಪ್ಲೇಟಿನ ಮೇಲೆ ಹೈಟ್ ಗೇಜ್, ಬೋರ್ ಗೇಜ್ ಹಿಡಿದು ಶುಕ್ರವಾರ ಕೊಡುವುದು. ಇದಕ್ಕೆ ಸಿಎಂಎಂ ಬೇಕಿಲ್ಲ, ನಿಮ್ಮ ಒಂದೂವರೆ ತಾಸು ಸಾಕು.

ಮೂರನೆಯದನ್ನು ಕೊಡುವ ಮೊದಲು ಪಂಪ್ ಮ್ಯಾನೇಜರಿಗೆ ಒಂದು ಪ್ರಶ್ನೆ ಕೇಳಿ: “ಶುಕ್ರವಾರ ಈ ರಿಪೋರ್ಟ್ ನೋಡಿ ಯಾರು ಏನು ತೀರ್ಮಾನ ಮಾಡ್ತಾರ್ರಿ?” ಪ್ಯಾಟರ್ನ್ ತಿದ್ದಬೇಕೋ ಬೇಡವೋ ಎಂದು ನೋಡುವುದಷ್ಟೇ ಆಗಿದ್ದರೆ ನಾಲ್ಕಾರು ಅಳತೆ ಧಾರಾಳ ಸಾಕು. ಪೂರಾ ಲೇಔಟ್ ಎಂದು ಅವರು ಬಾಯಿ ಅಭ್ಯಾಸಕ್ಕೆ ಹೇಳಿರಲೂಬಹುದು.

ಮಚ್ಛೆ ಮಷೀನ್‌ಶಾಪ್ (ಬೆಳಗಾವಿ)

ನಾನು ಪ್ರಾಜೆಕ್ಟ್ ಮ್ಯಾನೇಜರ್ ಕಡೆ ಕೂತು ಬರೀತೀನಿ. ಕ್ವಾಲಿಟಿ ಹುಡುಗರು ಆಗೂದಿಲ್ಲ ಅಂದ್ರ ಮ್ಯಾನೇಜರಿಗೆ ಸಿಟ್ಟು ಬರೂದಿಲ್ಲ. ಸೋಮವಾರ ಹೂಂ ಅಂದು ಗುರುವಾರ ಸಂಜೀಕ ಆಗೂದಿಲ್ಲ ಅಂದ್ರ ಸಿಟ್ಟು ಬರ್ತದ. ಸೋಮವಾರ ಹೇಳಿದರ ಗ್ರಾಹಕರ ಹತ್ರ ಎರಡು ದಿನ ಕೇಳಬಹುದು, ಹೊರಗಿನ ಲ್ಯಾಬಿಗೆ ಕಳಿಸಬಹುದು. ಗುರುವಾರ ಏನೂ ಮಾಡಲಿಕ್ಕೆ ಬರೂದಿಲ್ಲ. ಹಂಗಾಗಿ ಕೆಲಸ ಬಂದ ದಿನವೇ ಉತ್ತರ ಕೊಡ್ರಿ, ಅದು ಮುಖ್ಯ.

ಇನ್ನೊಂದು ಮಾತು. “ಪುಣೆ ಸಾಹೇಬ್ರು ಬ್ಯಾಡ ಅಂದಾರ” ಅಂತ ಪಂಪಿನವರಿಗೆ ಹೇಳಲೇಬ್ಯಾಡ್ರಿ. ಅದು ಆ ಕಡೆ ಮುಟ್ಟೂ ಹೊತ್ತಿಗೆ “ನನ್ನ ಕೆಲಸಕ್ಕ ಅವರು ಅಡ್ಡ ಬಂದಾರ” ಅಂತ ಆಗಿರ್ತದ, ನೀವು ಇಬ್ಬರ ನಡುವ ಸಿಗತೀರಿ. ಒಬ್ಬರ ಮಾತು ಇನ್ನೊಬ್ಬರಿಗೆ ಹೊರೂದು ಬಿಟ್ಟು ಇಬ್ಬರಿಗೂ ಒಂದೇ ಕಾಗದ ತೋರಿಸ್ರಿ.

ಘಟಪ್ರಭಾ ದಂಡಿ (ಬಾಗಲಕೋಟೆ)

ಪ್ರಾಜೆಕ್ಟ್ ಶುರುವಾಗುವಾಗಲೇ ರಾಸಿ ಚಾರ್ಟ್ ಮಾಡಿರುತ್ತಾರಲ್ಲ, ಯಾರು ಮಾಡಬೇಕು, ಯಾರು ಹೊಣೆ ಎಂದು? ಅದನ್ನು ತೆರೆದು ತೋರಿಸಿದರೆ ಸಾಕು. ಹೊಸ ಟ್ರಯಲ್ ಪೀಸಿನ ಲೇಔಟ್ ನಿಮ್ಮ ಹೆಸರಿನಲ್ಲಿ ಇಲ್ಲದಿದ್ದರೆ ನಿಮ್ಮ ಕೆಲಸವೇ ಅಲ್ಲ ಎಂದು ಬಿಡಬಹುದು.

ಮಾರ್ಕಂಡೇಯ

ರಾಸಿ ಚಾರ್ಟಿಗೆ ಒಂದು ಮಿತಿ ಇದೆ. ಅದು ಒಂದು ಪ್ರಾಜೆಕ್ಟಿನೊಳಗೆ ಯಾವ ಕೆಲಸ ಯಾರದು ಎನ್ನುತ್ತದೆ. ವಾಲ್ವ್ ಬಾಡಿಯ ಚಾರ್ಟಿನಲ್ಲೂ ಅಳತೆ ಇವರದೇ, ಪಂಪಿನ ಚಾರ್ಟಿನಲ್ಲೂ ಇವರದೇ. ಎರಡೂ ಚಾರ್ಟ್ ಸರಿಯಾಗಿಯೇ ಇವೆ, ಎರಡನ್ನೂ ಕೂಡಿಸಿದಾಗ 35 ತಾಸು ಆಗುತ್ತದೆ ಎಂದು ಯಾವ ಚಾರ್ಟೂ ಹೇಳುವುದಿಲ್ಲ. ಜಗಳ ಹುಟ್ಟುವುದೇ ಆ ಕೂಡಿಸುವ ಜಾಗದಲ್ಲಿ. “ಇದು ನನ್ನ ಕೆಲಸ ಅಲ್ಲ” ಎಂದು ಇಲ್ಲಿ ಹೇಳಿದರೆ ಅದು ಸುಳ್ಳೂ ಆಗುತ್ತದೆ, ಒರಟೂ ಆಗುತ್ತದೆ.

ಘಟಪ್ರಭಾ ದಂಡಿ

ಸರಿ, ಆ ಕೂಡಿಸುವ ಮಾತು ಒಪ್ಪಿದೆ. ಆದರೆ ಚಾರ್ಟಿನಲ್ಲಿ ಎಲ್ಲಿಯೂ ಇಲ್ಲದ ಕೆಲಸಗಳ ಬಗ್ಗೆ ಯಾರೂ ಮಾತಾಡಿಲ್ಲ. ಮೀಟಿಂಗಿನ ಮಿನಿಟ್ಸ್ ಬರೆಯುವುದು, ಗ್ರಾಹಕರು ಬಂದಾಗ ಪ್ರೆಸೆಂಟೇಶನ್ ಜೋಡಿಸುವುದು, ಊಟ ಹೇಳುವುದು, 5ಎಸ್ ಫೋಟೊ ತೆಗೆದು ಹಾಕುವುದು. ಮೂವರು ಸಾಹೇಬರಿಗೂ ಇದು “20 ನಿಮಿಷದ ಕೆಲಸ”. ವಿಭಾಗದಲ್ಲಿ ಒಬ್ಬ ಹೆಣ್ಣುಮಗಳು ಇದ್ದರೆ ಅಷ್ಟೂ ಅವಳ ಮೇಜಿಗೇ ಬರುತ್ತದೆ. ಇದಕ್ಕೆ ಮಷೀನ್ ತಾಸಿನ ಲೆಕ್ಕ ನಡೆಯುವುದಿಲ್ಲ.

ಮಚ್ಛೆ ಮಷೀನ್‌ಶಾಪ್

ನಿಮ್ಮ ಮಾತು ಖರೆ ಅದ. ಇಂಥದ್ದಕ್ಕ ಪ್ರತಿ ಸಲ ಒಲ್ಲೆ ಅಂದ್ರ ಪ್ರತಿ ಸಲ ನೀವೇ ಕೆಟ್ಟವರಾಗ್ತೀರಿ. ಮೀಟಿಂಗ್ ಶುರು ಆಗೂದಕ್ಕ ಮೊದಲ “ಹೋದ ಎರಡು ವಾರ ಮಿನಿಟ್ಸ್ ನಾನು ಬರದೀನ್ರಿ, ಈ ವಾರದಿಂದ ಪಾಳಿ ಮಾಡೂಣು, ಇವತ್ತು ಪ್ರೊಡಕ್ಷನ್ನಿನವರು ಬರೀಲಿ” ಅಂತ ಹೇಳ್ರಿ. ಪಾಳಿ ಅಂದ್ರ ನಮ್ಮ ಮಂದಿಗೆ ಲಗೂನ ತಿಳೀತದ, ಕಾಲುವಿ ನೀರಿಗೂ ಪಾಳಿ ಇರ್ತದಲ್ಲ. ಪಾಳಿ ಹಾಳಿ ಒಂದು ಬೋರ್ಡಿಗೆ ಹಚ್ಚಿದರ ಮುಂದ ಯಾರೂ ಬಾಯಿಲೆ ಹೇಳಬೇಕಾಗಿಲ್ಲ. ಮೀಟಿಂಗ್ ಮುಗದ ಮ್ಯಾಲೆ ಮಾತ್ರ ಹೇಳಬ್ಯಾಡ್ರಿ, ಆವಾಗ ಎಲ್ಲಾರೂ ಎದ್ದು ಹೋಗಿರ್ತಾರ, ಕೆಲಸ ನಿಮ್ಮಲ್ಲೇ ಉಳೀತದ.

ಘಟಪ್ರಭಾ ದಂಡಿ

ಪಾಳಿ ಬೋರ್ಡಿಗೆ ಹಚ್ಚಬೇಕಾದವರು ಸಾಹೇಬರು. ಅವರು ಹಚ್ಚುವುದಿಲ್ಲ ಎಂದರೆ ಮತ್ತೆ ಅಲ್ಲಿಗೇ ಬಂತು. ಇರಲಿ, ಮೀಟಿಂಗಿಗೆ ಮೊದಲೇ ಹೇಳುವುದನ್ನು ಮಾಡಿ ನೋಡಬಹುದು.

ಉದ್ಯಮಬಾಗ ಕ್ವಾಲಿಟಿ

3 ಗಂಟೆಗೆ ಕ್ವಾಲಿಟಿ ಹೆಡ್ ಸಾಹೇಬ್ರ ಹತ್ರ ಹೋಗಿದ್ದೆ. ಹಾಳಿ ನೋಡಿದರು. “ಎಲ್ಲಾ ಮುಖ್ಯ ಅದಾವು, ಎಲ್ಲಾ ಮಾಡು, ಹೆಂಗರ ಅಡ್ಜಸ್ಟ್ ಮಾಡು” ಅಂದರು. ಕೆಪಾಬಿಲಿಟಿಗೆ 100 ಬದಲಿ 30 ಪೀಸ್ ಅಳದರ 7 ತಾಸು ಉಳೀತೈತಲ್ಲ ಅಂತ ಸೂಚನಾನೂ ಕೊಟ್ಟಾರ. ಈಗ ಏನು ಮಾಡ್ಲಿ?

ಮಾರ್ಕಂಡೇಯ

‘ಎಲ್ಲಾ ಮಾಡು’ ಎನ್ನುವವರಿಗೆ ಆದ್ಯತೆ ಯಾವುದು ಎಂದು ಮತ್ತೆ ಕೇಳಿ ಪ್ರಯೋಜನವಿಲ್ಲ, ಎಲ್ಲವೂ ಎಂದೇ ಉತ್ತರ ಬರುತ್ತದೆ. ಸಾಲಿನ ಪ್ರಶ್ನೆ ಕೇಳಿ. “ಸರ್, ನಾಳೆ ಮುಂಜಾನೆ ಫಸ್ಟ್ ಪೀಸ್ ಮುಗಿದ ಮೇಲೆ ಮಷೀನ್ ಮೇಲೆ ಮೊದಲು ಯಾವುದು ಏರಿಸಲಿ? ಅದರ ನಂತರ ಯಾವುದು?” ಸಿಎಂಎಂ ಟೇಬಲ್ ಮೇಲೆ ನಿಮ್ಮ ಗಾತ್ರದ ಪೀಸ್ ಒಂದು ಸಲಕ್ಕೆ ಒಂದೇ ಕೂಡುತ್ತದೆ, ಹಾಗಾಗಿ ಈ ಪ್ರಶ್ನೆಗೆ ‘ಎಲ್ಲಾ’ ಎಂಬ ಉತ್ತರವೇ ಇಲ್ಲ. ಅವರು ಒಂದು ಸಾಲು ಹೇಳಿದ ಕೂಡಲೇ ಅಲ್ಲೇ ಬರೆದುಕೊಳ್ಳಿ, ಪ್ರತಿಯೊಂದರ ಮುಂದೆ ಮುಗಿಯುವ ದಿನ ಹಾಕಿ ತೋರಿಸಿ. ಕೊನೆಯದಕ್ಕೆ ಮುಂದಿನ ಬುಧವಾರ ಎಂದು ಬೀಳುತ್ತದೆ. ನೀವು ಏನನ್ನೂ ಒಲ್ಲೆ ಅನ್ನದೆಯೇ ತೀರ್ಮಾನ ಅವರ ಬಾಯಿಂದ ಬಂದಂತಾಯಿತು.

30 ಪೀಸಿನ ಸೂಚನೆಗೆ ಮಾತ್ರ ಒಪ್ಪಬೇಡಿ. ಸರಾಸರಿ ಮತ್ತು ವ್ಯಾಪ್ತಿಯ ಚಾರ್ಟಿನ ಆರಂಭಿಕ ಸ್ಟಡಿಗೆ ಪಿಪಿಎಪಿ ಕೈಪಿಡಿ ಕನಿಷ್ಠ 25 ಗುಂಪು, 100 ಅಳತೆ ಕೇಳುತ್ತದೆ. ಗ್ರಾಹಕರು ಬೇರೆ ಲೆಕ್ಕ ಒಪ್ಪುವುದಿದ್ದರೆ ಅವರೇ ಬರೆದುಕೊಡಬೇಕು. ಕೆಪಾಬಿಲಿಟಿಯ ಸಂಖ್ಯೆ ಪಿಪಿಕೆ 1.67 ದಾಟಬೇಕಾದ ಬೋರಿನಲ್ಲಿ 30 ಪೀಸಿನಿಂದ ಬಂದ ಸಂಖ್ಯೆ ಬಹಳ ಓಲಾಡುತ್ತದೆ, ಅದರ ಮೇಲೆ ಸಹಿ ಹಾಕಿ ಗ್ರಾಹಕರಿಗೆ ಕೊಟ್ಟ ಪಿಪಿಎಪಿ ವಾರಂಟ್ ಪತ್ರ ನಾಳೆ ನಿಮ್ಮ ಸಾಹೇಬರ ಕೊರಳಿಗೇ ಬರುತ್ತದೆ. ಹೇಳುವುದು ಹೀಗೆ: “ಸರ್, 30 ಪೀಸ್ ಆಗ್ಬಹುದು ಅಂತ ಪುಣೆ ಸಾಹೇಬ್ರು ಗ್ರಾಹಕರಿಂದ ಒಂದು ಮೇಲ್ ತರಿಸಿಕೊಟ್ರ ಇವತ್ತೇ ಬದಲಿ ಮಾಡ್ತೀನಿ.” ಇಲ್ಲಿ ಬಾಗಿಲು ಮುಚ್ಚಿಲ್ಲ, ಕೀಲಿ ಯಾರ ಹತ್ತಿರ ಇದೆ ಎಂದು ತೋರಿಸಿದ್ದೀರಿ.

ತಾಸು ಉಳಿಸಲು ಇನ್ನೊಂದು ಕಡೆ ಕತ್ತರಿ ಬೀಳುತ್ತದೆ, ಅದನ್ನೂ ಹೇಳಿಬಿಡುತ್ತೇನೆ. ಪೀಸನ್ನು ಸಿಎಂಎಂ ಕೋಣೆಯಲ್ಲಿ ತಣ್ಣಗಾಗಲು ಬಿಡದೆ ಶಾಪಿನಿಂದ ತಂದ ಹಾಗೇ ಅಳೆಯುವುದು. ಕೋಣೆ 20 ಡಿಗ್ರಿ, ಪೀಸ್ 30 ಡಿಗ್ರಿ ಇದ್ದರೆ, 200 ಮಿಮೀ ದೂರದ ಎರಡು ಬೋರುಗಳ ನಡುವೆ ಎರಕದ ಕಬ್ಬಿಣ ಸುಮಾರು 22 ಮೈಕ್ರಾನ್ ಹಿಗ್ಗಿರುತ್ತದೆ. ಮೀಟರಿಗೆ, ಡಿಗ್ರಿಗೆ 11 ಮೈಕ್ರಾನಿನ ಲೆಕ್ಕ. ಒಳ್ಳೆ ಪೀಸ್ ಕೆಟ್ಟದ್ದಾಗಿ ಕಾಣುತ್ತದೆ, ಮತ್ತೆ ಅಳೆಯಬೇಕಾಗುತ್ತದೆ, ಉಳಿಸಿದ ತಾಸು ಬಡ್ಡಿ ಸಮೇತ ಹೋಗುತ್ತದೆ. ಹೆಚ್ಚಿನ ಕೆಲಸಕ್ಕೆ ಬಾಯಿಂದ ಇಲ್ಲ ಅನ್ನಲಾರದವರು ಕೊನೆಗೆ ಹೀಗೆ ಕೆಲಸದೊಳಗೆ ಕತ್ತರಿ ಆಡಿಸುತ್ತಾರೆ. ಒಂದೇ ಬೋರಿನ ಅಳತೆ ಮುಂಜಾನೆ ಒಂದು, ಮಧ್ಯಾಹ್ನ ಒಂದು ಬರಲು ಶುರುವಾದರೆ ಎಲ್ಲೋ ಅವಸರ ನಡೆದಿದೆ ಎಂದು ತಿಳಿಯಿರಿ.

ಸಕ್ಕರಿ ಸೀಮಿ

ಸಾಲಿನ ಪ್ರಶ್ನೆ ಛಲೋ ಐತಿ. ಆದರ ಗ್ರಾಹಕರ ಲೈನ್ ನಿಂತೈತಿ ಅಂತ ಫೋನ್ ಬಂದಾಗೂ ಹಿಂಗ ಹಾಳಿ ಹಿಡ್ಕೊಂಡು ಅಡ್ಡಾಡೂದೇನು?

ಮಾರ್ಕಂಡೇಯ

ಇಲ್ಲ, ಅಲ್ಲಿ ನಿಮ್ಮ ಮೊದಲ ಮಾತೇ ಸರಿ. ಗ್ರಾಹಕರ ಲೈನ್ ನಿಂತಿದ್ದರೆ, ಯಾರಿಗಾದರೂ ಪೆಟ್ಟಾಗುವ ಭಯವಿದ್ದರೆ, ಕೆಟ್ಟ ಮಾಲು ಹೊರಗೆ ಹೋಗುವುದನ್ನು ತಡೆಯಬೇಕಿದ್ದರೆ ಮೊದಲು ಕೆಲಸ, ಆಮೇಲೆ ಕಾಗದ. ಆದರೆ ಮಷೀನ್ ಮೇಲಿಂದ ಯಾರ ಪೀಸ್ ಇಳಿಸಿದಿರೋ ಅವರಿಗೆ ಅದೇ ತಾಸಿನಲ್ಲಿ ಒಂದು ಸಾಲು ಹಾಕಿ: “ಲೈನ್ ಸ್ಟಾಪ್ ಬಂದಿದೆ, ನಿಮ್ಮದು 4 ತಾಸು ಹಿಂದೆ ಬಿತ್ತು.” ಇವರ ಪಂಪಿನ ದೂರಿನಲ್ಲಿ ತಡೆಯುವ ಕೆಲಸ, ಅಂದರೆ ಸ್ಟಾಕಿನ ಪೀಸ್ ಬೇರ್ಪಡಿಸುವುದು, ಆಗಿದೆಯೋ ಇಲ್ಲವೋ ಎಂದು ನೋಡಿಕೊಳ್ಳಬೇಕು. ಆಗದಿದ್ದರೆ ಆ 6 ತಾಸೇ ಎಲ್ಲಕ್ಕಿಂತ ಮೊದಲು.

ಉದ್ಯಮಬಾಗ ಕ್ವಾಲಿಟಿ

ಸ್ಟಾಕ್ ಬೇರ್ಪಡಿಸೂದು ಮುಗದೈತ್ರಿ, 30 ಪೀಸ್ ಕಾರಣ ಹುಡುಕ್ಲಿಕ್ಕೆ.

ಸಾಲಿನ ಪ್ರಶ್ನೆ ಕೇಳಿದೆ. ಸಾಹೇಬ್ರು ಹಾಳಿ ತಗೊಂಡು ತಾವೇ ಬರದರು: ಪಂಪ್ ದೂರು, ವಾಲ್ವ್ ಬಾಡಿ, ಆಮ್ಯಾಲೆ ಹೊಸ ಟ್ರಯಲ್. ಓವರ್‌ಟೈಮ್ ಬ್ಯಾಡ ಅಂದರು. ಪಂಪ್ ಮ್ಯಾನೇಜರ್ ಸಾಹೇಬ್ರಿಗೆ ಶುಕ್ರವಾರದ ತೀರ್ಮಾನ ಏನು ಅಂತ ಕೇಳಿದಾಗ ಪ್ಯಾಟರ್ನ್ ತಿದ್ದೂದು ನೋಡ್ಲಿಕ್ಕೆ ಅಂದರು. ಗ್ವಾಡಿ ದಪ್ಪ, ಎರಡು ಬೋರಿನ ದೂರ, ಫ್ಲ್ಯಾಂಜಿನ ಎತ್ತರ, ಇಷ್ಟು ಸಿಕ್ಕರ ಶುಕ್ರವಾರಕ್ಕ ನಡೀತೈತಂತ. ಮೇಲ್ ಹಿಂಗ ಬರದೀನಿ, ಇಂಗ್ಲಿಷಿನ್ಯಾಗ ಕಳಸ್ತೀನಿ, ಇಲ್ಲಿ ಕನ್ನಡದಾಗ ಹಾಕೀನಿ:

“ಮಾನ್ಯರೇ, ಈ ವಾರ ಸಿಎಂಎಂ 25 ತಾಸು ಲಭ್ಯ, ಬಂದಿರುವ ಕೆಲಸ 35 ತಾಸು. ಕ್ವಾಲಿಟಿ ಹೆಡ್ ಅವರ ಜೊತೆ ಮಾತಾಡಿ ಕ್ರಮ ಹೀಗೆ ಇಟ್ಟಿದೆ: ಪಂಪ್ ದೂರು 30 ಪೀಸ್, ಬುಧವಾರ. ವಾಲ್ವ್ ಬಾಡಿ ಲೇಔಟ್ ಮತ್ತು 100 ಪೀಸ್ ಸ್ಟಡಿ, ಶನಿವಾರ. ಹೊಸ ಟ್ರಯಲ್ ಪೀಸಿನ ಮುಖ್ಯ ಅಳತೆಗಳು ಗೇಜಿನಿಂದ, ಶುಕ್ರವಾರ. ಪೂರ್ಣ ಲೇಔಟ್ ಮುಂದಿನ ಬುಧವಾರ. ಈ ಕ್ರಮ ಬದಲಾಗಬೇಕಿದ್ದರೆ ದಯವಿಟ್ಟು ಇಬ್ಬರೂ ಮಾತಾಡಿ ನಾಳೆ ಬೆಳಿಗ್ಗೆ 10 ಗಂಟೆಯೊಳಗೆ ತಿಳಿಸಿ. ಇಲ್ಲದಿದ್ದರೆ ಹೀಗೆಯೇ ಮುಂದುವರಿಯುತ್ತೇನೆ.”

ಮಚ್ಛೆ ಮಷೀನ್‌ಶಾಪ್

ಮೇಲ್ ಛಲೋ ಅದ. ಕೊನೀ ವಾಕ್ಯ ಮಾತ್ರ ನನಗ ಹಿಡಸಲಿಲ್ಲ. ಎರಡು ಮೂರು ವರ್ಷದ ಸರ್ವಿಸ್ ಇದ್ದವರು “ಇಲ್ಲದಿದ್ದರೆ ಹೀಗೆಯೇ ಮುಂದುವರಿಯುತ್ತೇನೆ” ಅಂದ್ರ ಕೆಲವು ಮ್ಯಾನೇಜರು ಅದನ್ನ ಗಡುವು ಕೊಟ್ಟಂಗ ತಗೋತಾರ. ಮೊದಲ ಪುಣೆದವರಿಗೆ ಒಂದು ಫೋನ್ ಹಚ್ಚಿ ಬಾಯಿಲೆ ಹೇಳ್ರಿ, ಆಮ್ಯಾಲೆ ಮೇಲ್ ಕಳಸ್ರಿ. ಮೇಲ್ ಓದಿ ಗೊತ್ತಾಗೂದು ಬ್ಯಾರೆ, ಕೇಳಿ ಗೊತ್ತಿದ್ದದ್ದನ್ನ ಮೇಲಿನ್ಯಾಗ ಓದೂದು ಬ್ಯಾರೆ.

ಮಾರ್ಕಂಡೇಯ

ಫೋನ್ ಮೊದಲು ಎನ್ನುವುದು ಒಪ್ಪಿದೆ. ಆದರೆ ಕೊನೆಯ ವಾಕ್ಯ ತೆಗೆಯಬಾರದು. ಅದು ಇಲ್ಲದಿದ್ದರೆ ಇಬ್ಬರೂ ಉತ್ತರ ಕೊಡದೆ ಸುಮ್ಮನಿರುತ್ತಾರೆ, ಗುರುವಾರ ಇಬ್ಬರೂ “ನನ್ನದು ಎಲ್ಲಿ?” ಎನ್ನುತ್ತಾರೆ. ಒರಟು ಕಾಣುತ್ತದೆ ಎಂದರೆ ಹೀಗೆ ತಿದ್ದಿ: “ಮಷೀನ್ ಖಾಲಿ ಇರಬಾರದೆಂದು ಅಲ್ಲಿಯವರೆಗೆ ಕ್ವಾಲಿಟಿ ಹೆಡ್ ಅವರು ಹೇಳಿದ ಈ ಕ್ರಮದಲ್ಲೇ ನಡೆಸುತ್ತಿರುತ್ತೇನೆ.” ಅರ್ಥ ಅದೇ.

ಸಿಸಿಯಲ್ಲಿ ಕ್ವಾಲಿಟಿ ಹೆಡ್ ಒಬ್ಬರೇ ಸಾಕು.

ಮಚ್ಛೆ ಮಷೀನ್‌ಶಾಪ್

ತಿದ್ದಿದ್ದು ವಾಸಿ. ಆದ್ರೂ ಈ ಕ್ರಮ ಹೇಳೋ ಮೇಲ್ ಕ್ವಾಲಿಟಿ ಹೆಡ್ ಹೆಸರಿಂದಲೇ ಹೋಗಬೇಕು ಅನ್ನೂದು ನನ್ನ ಅಭಿಪ್ರಾಯ. ಮಷೀನ್ ತಾಸು ಅವರ ಕೈಯಾಗ ಅದ ಅಂತ ನೀವೇ ಅಂದೀರಿ.

ಮಾರ್ಕಂಡೇಯ

ಅವರು ಕಳಿಸಿದರೆ ಉತ್ತಮವೇ. ಕಳಿಸುವುದಿಲ್ಲ ಎನ್ನುವ ಸಾಹೇಬರೇ ಹೆಚ್ಚು, ಅದಕ್ಕೇ ಇಷ್ಟೆಲ್ಲ. ಕರಡನ್ನು ಅವರಿಗೆ ಕೊಟ್ಟು “ಸರ್, ನಿಮ್ಮಿಂದ ಹೋಗಲೋ ನನ್ನಿಂದ ಹೋಗಲೋ?” ಎಂದು ಕೇಳಲಿ.

ಉದ್ಯಮಬಾಗ ಕ್ವಾಲಿಟಿ

ಕೇಳಿದೆ, “ನೀನೇ ಕಳಸು, ನಂದು ಸಿಸಿ ಇರಲಿ” ಅಂದರು. ಪುಣೆಗೆ ಫೋನ್ ಮಾಡಿ ಹೇಳಿ, ವಾಕ್ಯ ತಿದ್ದಿ 4ಕ್ಕ 10 ನಿಮಿಷ ಇರೂವಾಗ ಕಳಸೀನಿ. ಪಂಪ್ ಮ್ಯಾನೇಜರ್ ಸಾಹೇಬ್ರು ಆಯ್ತು ಅಂತ ಉತ್ತರ ಹಾಕ್ಯಾರ. ಪುಣೆದವರು ಮೇಲಿಗೆ ಉತ್ತರ ಕೊಟ್ಟಿಲ್ಲ, ಆದರ ಮತ್ತ ಫೋನ್ ಮಾಡಿ “ಅದೇನರ ಇರಲಿ, ನಾಳೆ ಮೊದಲ ನಮ್ಮದು ಏರಿಸಿಬಿಡ್ರಿ” ಅಂದಾರ. ನಾನು ಈ ಸಲ ನೋಡ್ತೀನಿ ಅನ್ನಲಿಲ್ಲ.

ಮಾರ್ಕಂಡೇಯ

ಫೋನಿನಲ್ಲಿ ಬಂದದ್ದನ್ನು ಫೋನಿನಲ್ಲೇ ಬಿಡಬೇಡಿ. ಅದೇ ಮೇಲಿಗೆ ಉತ್ತರವಾಗಿ ಒಂದೇ ಸಾಲು: “ಈಗ ಫೋನಿನಲ್ಲಿ ವಾಲ್ವ್ ಬಾಡಿ ಮೊದಲು ಎಂದು ತಿಳಿಸಿದಿರಿ. ಹಾಗೆ ಮಾಡಿದರೆ ಪಂಪ್ ದೂರಿನ ಅಳತೆ ಬುಧವಾರದ ಬದಲು ಶನಿವಾರಕ್ಕೆ ಹೋಗುತ್ತದೆ. ಇಬ್ಬರೂ ಒಪ್ಪಿದರೆ ಬೆಳಿಗ್ಗೆ 10ಕ್ಕೆ ಬದಲಿಸುತ್ತೇನೆ.” ದೂರಿನ ಧಾಟಿ ಬೇಡ, ವಿವರಣೆಯೂ ಬೇಡ. ಒಂದು ಸಲ ಫೋನಿನ ಮಾತಿಗೆ ಸಾಲು ಬದಲಿಸಿದರೆ ಮುಂದೆ ಯಾರೂ ನಿಮ್ಮ ಮೇಲ್ ಓದುವುದಿಲ್ಲ, ಎಲ್ಲರೂ ಫೋನೇ ಮಾಡುತ್ತಾರೆ.

ಘಟಪ್ರಭಾ ದಂಡಿ

ಪುಣೆಯವರ ಅಭಿಪ್ರಾಯವನ್ನೂ ಅಪ್ರೈಸಲ್ ವೇಳೆ ಕೇಳುತ್ತಾರಲ್ಲ, ಅದರಲ್ಲಿ “ಸಹಕಾರ ಇಲ್ಲ” ಎಂದು ಬರೆದರೆ?

ಮಾರ್ಕಂಡೇಯ

ಬರೆಯಬಹುದು, ಅದನ್ನು ಪೂರಾ ತಪ್ಪಿಸುವ ದಾರಿ ನನಗೂ ಗೊತ್ತಿಲ್ಲ. ಒಂದು ನೋಟ್‌ಬುಕ್ಕಿನಲ್ಲಿ ದಿನಾಂಕ, ಕೆಲಸ, ಕೇಳಿದವರು, ಕೊಟ್ಟ ದಿನ, ಮುಗಿದ ದಿನ ಇಷ್ಟು ಬರೆದಿಡಲಿ. ತಿಂಗಳಿಗೊಮ್ಮೆ ಕ್ವಾಲಿಟಿ ಹೆಡ್‌ಗೆ ತೋರಿಸಲಿ. ವರ್ಷದ ಕೊನೆಗೆ ಒಂದೇ ಸಲ ತೋರಿಸಿದರೆ ಅದು ಸಮಜಾಯಿಷಿಯಂತೆ ಕಾಣುತ್ತದೆ.

ಉದ್ಯಮಬಾಗ ಕ್ವಾಲಿಟಿ

ಸಾಲು ಹಾಕೀನ್ರಿ. ಈಗ ಪುಣೆ ಸಾಹೇಬ್ರು ಪಂಪ್ ಸಾಹೇಬ್ರಿಗೆ ಫೋನ್ ಹಚ್ಯಾರಂತ, ಇಬ್ಬರೂ ಮಾತಾಡಾಕತ್ತಾರ. ನಾಳೆ 10ಕ್ಕ ಏನು ಬರ್ತೈತೋ ಅದರಂಗ ಏರಸ್ತೀನಿ. ಪಂಪಿನ 5 ಪೀಸ್ ಈಗ ಸಿಎಂಎಂ ಕೋಣ್ಯಾಗ ತಣ್ಣಗಾಗ್ಲಿಕ್ಕೆ ಇಟ್ಟೀನಿ, ವಾಲ್ವ್ ಬಾಡೀನೂ ಒಂದು ಇಟ್ಟೀನಿ, ಯಾವುದು ಮೊದಲಂದ್ರೂ ಬೆಳಿಗ್ಗೆ ತಯಾರಿರಲಿ ಅಂತ.